ಕೆಮ್ಮುವ ಮುನ್ನ ಒಂದು ಬಿಗಿತ

ಎಷ್ಟೋ ಬಸುರಿಯರು ಯಾರಿಗೂ ಹೇಳಿಕೊಳ್ಳದ ಒಂದು ತೊಂದರೆಯಿದೆ. ಐದಾರು ತಿಂಗಳು ತುಂಬುವ ಹೊತ್ತಿಗೆ ಸೀನಿದರೆ, ಜೋರಾಗಿ ನಕ್ಕರೆ, ಅವಸರದಲ್ಲಿ ಬಸ್ಸಿನ ಮೆಟ್ಟಿಲು ಹತ್ತಿದರೆ ಒಂದೆರಡು ಹನಿ ಮೂತ್ರ ಜಾರಿಬಿಡುತ್ತದೆ. ಡಾಕ್ಟರ ಮುಂದೆ ಬಾಯಿಬಿಡಲು ನಾಚಿಕೆ. ಅಮ್ಮನಿಗೆ ಹೇಳಿದರೆ, "ಬಸಿರಲ್ಲಿ ಇದೆಲ್ಲ ಇದ್ದದ್ದೇ ಕಣೇ, ಹೆತ್ತ ಮೇಲೆ ಸರಿಹೋಗುತ್ತೆ ಬಿಡು" ಎಂಬ ಸಮಾಧಾನ. ಇದ್ದದ್ದೇ ಎನ್ನುವುದು ನಿಜ. ಹೆತ್ತ ಮೇಲೆ ತಾನಾಗಿ ಸರಿಹೋಗುತ್ತದೆ ಎನ್ನುವುದು ಮಾತ್ರ ಎಲ್ಲರ ಪಾಲಿಗೂ ನಿಜವಾಗುವುದಿಲ್ಲ.

ಹನಿ ಜಾರುವುದಕ್ಕೆ ಕಾರಣ ಸೊಂಟದ ತಳದಲ್ಲಿದೆ. ಮುಂದಿನ ಜಘನದ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಸೀರೆ ಕಟ್ಟಿದ ಜೋಲಿಯಂತೆ, ಸ್ನಾಯುಗಳ ಒಂದು ಹಾಸು ಹಬ್ಬಿಕೊಂಡಿದೆ. ಫಿಸಿಯೋಥೆರಪಿಯವರು ಪೆಲ್ವಿಕ್ ಫ್ಲೋರ್ ಎನ್ನುವುದು ಇದನ್ನೇ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಇದು ಕೆಳಗಿನಿಂದ ಹೊತ್ತಿರುತ್ತದೆ. ಮೂತ್ರನಾಳ, ಯೋನಿ, ಗುದದ ದ್ವಾರಗಳು ಇದರ ನಡುವೆಯೇ ಹಾದುಬರುತ್ತವೆ. ಬಸಿರಿನಲ್ಲಿ ಇದರ ಮೇಲಿನ ಭಾರ ವಾರದಿಂದ ವಾರಕ್ಕೆ ಏರುತ್ತದೆ. ಹಾರ್ಮೋನುಗಳು ಅದೇ ಹೊತ್ತಿಗೆ ಸುತ್ತಲಿನ ಅಂಗಾಂಶವನ್ನು ಸಡಿಲಿಸುತ್ತಿರುತ್ತವೆ. ಸೀನಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಗೇ ಕೆಳಗೆ ಬಡಿಯುತ್ತದೆ. ಆ ಗಳಿಗೆಯಲ್ಲಿ ಸ್ನಾಯು ಬಿಗಿದುಕೊಳ್ಳದಿದ್ದರೆ ಹನಿ ಜಾರುತ್ತದೆ.

ಈ ಸ್ನಾಯುವನ್ನು ಬೇಕೆಂದೇ ಬಿಗಿದು ಬಿಟ್ಟು ಬಲಪಡಿಸಬಹುದು ಎಂಬುದನ್ನು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ವೈದ್ಯಲೋಕದ ಮುಂದಿಟ್ಟ. ಈ ವ್ಯಾಯಾಮಕ್ಕೆ ಇಂದಿಗೂ ಅವನದೇ ಹೆಸರಿದೆ. ಇದರ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಅಳೆದ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮೂತ್ರ ಸೋರುವ ತೊಂದರೆ ಇಲ್ಲದಿರುವಾಗಲೇ, ಬಸಿರಿನ ಮೊದಲ ತಿಂಗಳುಗಳಲ್ಲೇ ಈ ವ್ಯಾಯಾಮ ಶುರು ಮಾಡಿದವರಲ್ಲಿ ಕೊನೆಯ ತಿಂಗಳುಗಳ ಸೋರಿಕೆಯ ಅಪಾಯ ಸುಮಾರು ಶೇ. 60ರಷ್ಟು ತಗ್ಗಿತ್ತು. ಸೋರಿಕೆ ಆಗಲೇ ಇದ್ದವರಲ್ಲಿ, ಬಸಿರಿನ ಅವಧಿಯೊಳಗೆ, ಇಷ್ಟು ಖಚಿತವಾದ ಲಾಭ ಕಂಡುಬರಲಿಲ್ಲ. ಅಂದರೆ ಇದು ಹನಿ ಜಾರಲು ಶುರುವಾಗುವ ಮೊದಲೇ ಕೈಗೆತ್ತಿಕೊಳ್ಳಬೇಕಾದ ಕೆಲಸ. ನಮ್ಮಲ್ಲಿ ಆಗುವುದು ಉಲ್ಟಾ. ಒಂಬತ್ತನೇ ತಿಂಗಳಲ್ಲಿ ಯಾರೋ ಒಂದು ವಿಡಿಯೋ ಕಳಿಸುತ್ತಾರೆ, ಆಗ ಹುಡುಕಾಟ ಶುರುವಾಗುತ್ತದೆ.

ಮಾಡುವುದು ಹೇಗೆ? ಗಟ್ಟಿ ಕುರ್ಚಿಯ ಮೇಲೆ, ಪಾದಗಳು ನೆಲಕ್ಕೆ ತಾಗುವಂತೆ ಕೂರಿ. ಒಂದು ಕೈಟವೆಲ್ಲನ್ನು ಸುರುಳಿ ಸುತ್ತಿ, ಎರಡು ತೊಡೆಗಳ ನಡುವೆ ಮುಂದಿನಿಂದ ಹಿಂದಕ್ಕೆ ಬರುವಂತೆ ಕೆಳಗಿಟ್ಟುಕೊಳ್ಳಿ. ನಾಲ್ಕು ಜನರ ನಡುವೆ ಗ್ಯಾಸ್ ಹೋಗದಂತೆ ತಡೆಯುತ್ತೇವಲ್ಲ, ಹಾಗೆ ಹಿಂದಿನ ದ್ವಾರವನ್ನು ಮೊದಲು ಮೆಲ್ಲಗೆ ಬಿಗಿಯಿರಿ. ಆ ಬಿಗಿತವನ್ನು ಮುಂದಕ್ಕೆ, ಮೂತ್ರ ತಡೆಯುವ ಜಾಗದವರೆಗೂ ತಂದು ಒಳಕ್ಕೂ ಮೇಲಕ್ಕೂ ಸೆಳೆದುಕೊಳ್ಳಿ. ಸರಿಯಾಗಿ ಮಾಡಿದ್ದರೆ ಟವೆಲ್ಲಿನ ಸ್ಪರ್ಶ ಕೊಂಚ ಹಗುರಾಗುತ್ತದೆ. ಟವೆಲ್ಲಿನ ಮೇಲೆ ಒತ್ತು ಹೆಚ್ಚಾದಂತೆ ಅನಿಸಿದರೆ ನೀವು ಸೆಳೆಯುತ್ತಿಲ್ಲ, ಮುಕ್ಕುತ್ತಿದ್ದೀರಿ. ಬಹಳ ಮಂದಿ ಎಡವುವುದು ಇಲ್ಲೇ. ಬರೀ ಬಾಯಿಮಾತಿನಲ್ಲಿ ಹೇಳಿಸಿಕೊಂಡವರಲ್ಲಿ ಹಲವರು ಸ್ನಾಯುವನ್ನು ಮೇಲೆತ್ತುವ ಬದಲು ಕೆಳಗೆ ತಳ್ಳುತ್ತಾರೆ. ತಿಂಗಳಾನುಗಟ್ಟಲೆ ಹಾಗೆ ಮಾಡಿದರೆ ಇರುವ ತೊಂದರೆಯೇ ಹೆಚ್ಚಾದೀತು.

ಇನ್ನೆರಡು ತಪ್ಪುಗಳನ್ನು ಕನ್ನಡಿಯ ಮುಂದೆ ಕೂತರೆ ನೀವೇ ಹಿಡಿಯಬಹುದು. ಭುಜ ಮೇಲೇರಿದರೆ, ತೊಡೆ ಒಂದಕ್ಕೊಂದು ಅಂಟಿದರೆ, ಪೃಷ್ಠ ಗಟ್ಟಿಯಾಗಿ ಕೂತಲ್ಲೇ ಎತ್ತರವಾದರೆ, ದುಡಿಯುತ್ತಿರುವುದು ಬೇರೆ ಸ್ನಾಯು. ಮುಖ ಕೆಂಪಗಾದರೆ ಉಸಿರು ಕಟ್ಟಿದ್ದೀರಿ ಎಂದರ್ಥ. ಉಸಿರು ಬಿಡುತ್ತಾ ಬಿಗಿಯಿರಿ, ಬಿಗಿ ಹಿಡಿದಷ್ಟು ಹೊತ್ತೂ ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸಿ. ಎಣಿಸುವವರು ಉಸಿರು ಕಟ್ಟಲಾರರು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಿ ಎಂಬ ಹಳೆಯ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ಅದನ್ನು ಅಭ್ಯಾಸ ಮಾಡಿಕೊಂಡರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಅದು ಬೇಡ.

ಎಷ್ಟು ಮಾಡಬೇಕು ಎನ್ನುವುದಕ್ಕೆ ಒಂದು ಉದಾಹರಣೆ ನೋಡೋಣ. ಪ್ರೈಮರಿ ಶಾಲೆಯ ಟೀಚರೊಬ್ಬರು, ಚೊಚ್ಚಲ ಬಸಿರು, ಈಗ 16 ವಾರ ಎಂದುಕೊಳ್ಳಿ. ಮೊದಲ ದಿನ ಅವರು ತಮ್ಮ ಅಳತೆ ತಾವೇ ಕಂಡುಕೊಳ್ಳಬೇಕು. ಬಿಗಿದು ಎಣಿಸಿದರೆ ನಾಲ್ಕಕ್ಕೆ ಹಿಡಿತ ತಾನಾಗಿ ಜಾರಿತು, ಐದು ಸಲ ಮಾಡುವಷ್ಟರಲ್ಲಿ ಸ್ನಾಯು ಮಾತು ಕೇಳದಾಯಿತು. ಹಾಗಾದರೆ ಅವರ ಆರಂಭ ಅಷ್ಟೇ: ನಾಲ್ಕು ಸೆಕೆಂಡ್ ಬಿಗಿತ, ಅಷ್ಟೇ ಹೊತ್ತು ಅಥವಾ ಅದಕ್ಕೂ ಹೆಚ್ಚು ಬಿಡುವು, ಹೀಗೆ ಐದು ಸಲ. ಅದಾದ ಮೇಲೆ ಸರಕ್ಕನೆ ಬಿಗಿದು ಬಿಡುವ ಹತ್ತು ಚುಟುಕು ಬಿಗಿತ. ಬೆಳಿಗ್ಗೆ ಹಾಸಿಗೆಯಲ್ಲಿ ಪಕ್ಕಕ್ಕೆ ಮಲಗಿ ಒಮ್ಮೆ, ಮಧ್ಯಾಹ್ನ ಸ್ಟಾಫ್ ರೂಮಿನ ಕುರ್ಚಿಯಲ್ಲಿ ಒಮ್ಮೆ, ರಾತ್ರಿ ಊಟದ ಮೊದಲು ನಿಂತು ಒಮ್ಮೆ. ಪ್ರತಿ ವಾರ ಒಂದು ಸೆಕೆಂಡೋ, ಒಂದೆರಡು ಸಲವೋ ಏರಿಸಿಕೊಂಡು ಹೋದರೆ ಎರಡು ತಿಂಗಳಾಗುವಷ್ಟರಲ್ಲಿ ಹತ್ತು ಸೆಕೆಂಡಿನ ಹತ್ತು ಬಿಗಿತಗಳ ಹತ್ತಿರ ತಲುಪಬಹುದು. ಮೊದಲ ಹದಿನೈದು ದಿನದಲ್ಲಿ ಏನೂ ಬದಲಾಗದಿದ್ದರೆ ಗಾಬರಿ ಬೇಡ, ಸ್ನಾಯು ಬಲಿಯಲು ಎರಡು ಮೂರು ತಿಂಗಳು ಹಿಡಿಯುತ್ತದೆ.

ಅಲ್ಲಿಯವರೆಗೆ ತಕ್ಷಣಕ್ಕೆ ಒದಗುವ ಒಂದು ಉಪಾಯವಿದೆ. ಕೆಮ್ಮು ಬರುತ್ತಿದೆ ಎಂದು ಗೊತ್ತಾದಾಗ ಮೊದಲು ಬಿಗಿದು ಆಮೇಲೆ ಕೆಮ್ಮುವುದು. ಸೀನುವಾಗ, ನೀರಿನ ಬಿಂದಿಗೆ ಎತ್ತುವಾಗ, ನೆಲದಿಂದ ಏಳುವಾಗಲೂ ಇದೇ ಕ್ರಮ. ಸ್ನಾಯು ಇನ್ನೂ ಬಲಿಯದಿದ್ದರೂ ಸಮಯಕ್ಕೆ ಸರಿಯಾಗಿ ಬಿಗಿದುಕೊಂಡರೆ ಹನಿ ನಿಲ್ಲುವ ಸಾಧ್ಯತೆ ಹೆಚ್ಚು.

ಬಿಡುವಿನ ಮಾತನ್ನು ಹಾರಿಸಬಾರದು. ಪ್ರತಿ ಬಿಗಿತದ ನಂತರ ಸ್ನಾಯು ಪೂರ್ತಿ ಕೆಳಗಿಳಿದು ಸಡಿಲವಾಗಲೇಬೇಕು. ಹೆರಿಗೆಯಲ್ಲಿ ಮಗು ಹಾದುಬರುವುದು ಇದರ ನಡುವಿನಿಂದಲೇ, ಆಗ ಬೇಕಾದದ್ದು ಸಡಿಲಿಕೆ. ದಿನವಿಡೀ ಬಿಗಿದುಕೊಂಡೇ ಇರುವವರಿಗೆ ಕೆಳಹೊಟ್ಟೆ ನೋವು, ಮೂತ್ರ ಶುರುವಾಗಲು ತಡ, ಮಲಬದ್ಧತೆ ಕಾಣಿಸಬಹುದು. ಹಾಗಿದ್ದರೆ ಬಿಗಿತ ನಿಲ್ಲಿಸಿ ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು.

ಈಗ ನಡಿಗೆ. ಅದರಿಂದ ಈ ಸ್ನಾಯು ನೇರವಾಗಿ ಬಲಿಯುವುದಿಲ್ಲ. "ದಿನಾ ವಾಕಿಂಗ್ ಮಾಡ್ತೀನಿ, ಬೇರೆ ಯಾಕೆ?" ಎನ್ನುವವರಿಗೆ ಇದನ್ನು ಹೇಳಲೇಬೇಕು. ಆದರೆ ಸ್ನಾಯುವಿನ ಮೇಲೆ ಬೀಳುವ ಹೊರೆಯನ್ನು ನಡಿಗೆ ಎರಡು ದಾರಿಯಲ್ಲಿ ಇಳಿಸುತ್ತದೆ. ಒಂದು, ತೂಕ ಅಳತೆ ಮೀರದಂತೆ ನೋಡಿಕೊಳ್ಳುವುದು. ಜೊತೆಗೆ ಬಸಿರಿನ ಸಕ್ಕರೆ ಕಾಯಿಲೆಯ ಅಪಾಯವೂ ಕಡಿಮೆಯಾಗುತ್ತದೆ. ಎರಡನೆಯದು ಮಲಬದ್ಧತೆ. ಕಬ್ಬಿಣಾಂಶದ ಮಾತ್ರೆ ನುಂಗುವ ಬಸುರಿಯರಿಗೆ ಇದು ಚೆನ್ನಾಗಿ ಗೊತ್ತು. ದಿನಾ ಮುಕ್ಕಿದರೆ ಹತ್ತು ಬಿಗಿತದಲ್ಲಿ ಗಳಿಸಿದ್ದು ಬಚ್ಚಲಲ್ಲಿ ಕಳೆದುಹೋಗುತ್ತದೆ. ನಡೆದಾಡಿದರೆ ಕರುಳು ಚುರುಕಾಗುತ್ತದೆ, ನೀರು, ಸೊಪ್ಪು, ಹಣ್ಣು ಜೊತೆಗಿರಬೇಕು. ಮಾತ್ರೆಯನ್ನು ಮಾತ್ರ ನಿಲ್ಲಿಸಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ತೀರಾ ಕಡಿಮೆ ಎಂದು ಬರೆದಿದ್ದರೆ ಡಾಕ್ಟರ ಮಾತು ಕೇಳದೆ ಬಿರುಸಿನ ನಡಿಗೆಗೆ ಇಳಿಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಬಸುರಿಯರಿಗೂ ವಾರಕ್ಕೆ 150 ನಿಮಿಷದ ಮಧ್ಯಮ ಶ್ರಮ ಇರಲಿ ಎನ್ನುತ್ತದೆ. ಮೊದಲು ನಡೆದು ರೂಢಿಯಿಲ್ಲದ ನಮ್ಮ ಟೀಚರು ಹತ್ತು ನಿಮಿಷದಿಂದ ಶುರುಮಾಡಿ, ವಾರ ವಾರ ಐದು ನಿಮಿಷ ಸೇರಿಸಿಕೊಂಡು ಅರ್ಧ ಗಂಟೆ ಮುಟ್ಟಿದರೆ ಸಾಕು. ವೇಗ ಸರಿಯಿದೆಯೇ ಎಂದು ತಿಳಿಯಲು ಪಕ್ಕದಲ್ಲಿರುವವರ ಜೊತೆ ಮಾತಾಡಿ. ಮಾತು ಆಡಲು ಬರಬೇಕು, ಹಾಡಲು ಬರಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಬೇಕು. ಮೈ ಅತಿಯಾಗಿ ಕಾಯುವುದು ಬಸಿರಿಗೆ ಒಳ್ಳೆಯದಲ್ಲ. ಹವಾಯಿ ಚಪ್ಪಲಿಗಿಂತ ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಮೇಲು, ಯಾಕೆಂದರೆ ಹೊಟ್ಟೆ ಮುಂದೆ ಬಂದಂತೆ ತೋಲ ತಪ್ಪುವುದು ಸುಲಭ. "ಕುಕ್ಕರುಗಾಲಲ್ಲಿ ಕೂತು ನೆಲ ಒರೆಸು, ನಾರ್ಮಲ್ ಆಗುತ್ತೆ" ಎನ್ನುವ ಹಿರಿಯರ ಮಾತಿಗೆ ಯಾರೂ ಖಾತ್ರಿ ಕೊಡಲಾರರು. ಅದು ಸೊಸೆಯಿಂದ ಕೆಲಸ ಮಾಡಿಸಿಕೊಳ್ಳುವ ಜಾಣತನವೂ ಇರಬಹುದು ಎಂಬ ಅನುಮಾನ ನನಗಿದೆ.

ಯೋಗದ ಮಾತಿಗೆ ಬಂದರೆ, ಹೊಸಬರಿಗೆ ಎರಡೇ ಆಸನ ಸಾಕು. ಮಾರ್ಜರಿ ಆಸನದಲ್ಲಿ ಅಂಗೈ, ಮಂಡಿಗಳ ಮೇಲೆ ನಿಂತು, ಮಂಡಿಯ ಕೆಳಗೆ ಮಡಿಸಿದ ಕಂಬಳಿ ಹಾಕಿಕೊಳ್ಳಿ. ಉಸಿರು ಬಿಡುತ್ತಾ ಬೆನ್ನನ್ನು ಮೆಲ್ಲಗೆ ಮೇಲಕ್ಕೆ ಗುಂಡಗೆ ಮಾಡುತ್ತಾ ಕೆಳಗಿನ ಸ್ನಾಯುವನ್ನು ಸೆಳೆದುಕೊಳ್ಳಿ. ಉಸಿರು ತೆಗೆದುಕೊಳ್ಳುತ್ತಾ ಬೆನ್ನನ್ನು ಸಮಕ್ಕೆ ತಂದು ಸ್ನಾಯುವನ್ನು ಬಿಡಿ. ಸಮಕ್ಕಿಂತ ಕೆಳಗೆ ಹೊಟ್ಟೆಯನ್ನು ಜೋತುಬಿಡಬೇಡಿ. ಇಂಥ ಎಂಟು ಹತ್ತು ಉಸಿರಿನಲ್ಲಿ ಬೆನ್ನುನೋವೂ ಹಗುರಾಗುತ್ತದೆ. ಬದ್ಧಕೋಣಾಸನದಲ್ಲಿ ಗೋಡೆಗೆ ಒರಗಿ, ಮಡಿಸಿದ ಕಂಬಳಿಯ ಮೇಲೆ ಕೂತು ಅಂಗಾಲುಗಳನ್ನು ಜೋಡಿಸಿ, ಮಂಡಿಗಳ ಕೆಳಗೆ ದಿಂಬು ಕೊಡಿ. ಮಂಡಿಗಳನ್ನು ಕೈಯಿಂದ ನೆಲಕ್ಕೆ ಒತ್ತಬಾರದು, ಸಡಿಲಾಗಿರುವ ಕೀಲುಗಳು ಆ ಹೊತ್ತಿಗೆ ಬಗ್ಗಿದರೂ ಮರುದಿನ ನೋಯುತ್ತವೆ. ಇಲ್ಲಿ ಬಿಗಿಯುವ ಕೆಲಸವೇ ಇಲ್ಲ, ಪ್ರತಿ ಉಸಿರಿಗೂ ತಳ ಸಡಿಲಾಗುವುದನ್ನು ಗಮನಿಸುವುದಷ್ಟೇ.

ಮೂಲಬಂಧ ಬಲ್ಲವರು ಅದನ್ನು ಕುಂಭಕದ ಜೊತೆ ಕಲಿತಿರುತ್ತಾರೆ. ಬಸಿರಿನಲ್ಲಿ ಉಸಿರು ಕಟ್ಟುವುದು ಬೇಡ, ಕಪಾಲಭಾತಿ, ಭಸ್ತ್ರಿಕಾಗಳೂ ಬೇಡ. ಹೊಟ್ಟೆಯ ಮೇಲೆ ಮಲಗುವ, ಸೊಂಟ ತಿರುಚುವ, ತಲೆಕೆಳಗಾಗುವ ಆಸನಗಳನ್ನು ಬಿಡಿ. ಐದನೇ ತಿಂಗಳ ನಂತರ ಅಂಗಾತ ಮಲಗಿ ಶವಾಸನ ಮಾಡುವ ಬದಲು ಎಡಮಗ್ಗುಲಾಗಿ, ಮಂಡಿಗಳ ನಡುವೆ ದಿಂಬಿಟ್ಟು ಮಲಗಿ. ಅಂಗಾತ ಮಲಗಿದಾಗ ತುಂಬಿದ ಗರ್ಭಕೋಶ ಹೃದಯಕ್ಕೆ ರಕ್ತ ಮರಳುವ ದೊಡ್ಡ ನಾಳವನ್ನು ಒತ್ತಿ ತಲೆ ಸುತ್ತಿಸಬಹುದು.

ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗಿನಲ್ಲಿ ಬಂದವರು, ಗರ್ಭದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಬಿಪಿ ಏರಿದವರು, ರಕ್ತಸ್ರಾವ ಕಂಡವರು ಡಾಕ್ಟರನ್ನು ಕೇಳದೆ ಇದಾವುದನ್ನೂ ಶುರು ಮಾಡಬಾರದು. ನಡೆಯುವಾಗ ರಕ್ತ ಕಂಡರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಹೊಟ್ಟೆ ಬಿಟ್ಟು ಬಿಟ್ಟು ಒಂದೇ ಲಯದಲ್ಲಿ ಗಟ್ಟಿಯಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಕೆಮ್ಮು ಸೀನು ಏನಿಲ್ಲದೆ ನೀರು ತಾನಾಗಿ ಹರಿಯುತ್ತಲೇ ಇದ್ದರೆ, ಪ್ಯಾಡ್ ಹಾಕಿದರೂ ನೆನೆಯುತ್ತಿದ್ದರೆ, ಅದು ಮೂತ್ರವಲ್ಲದೆ ಗರ್ಭದ ನೀರೇ ಇರಬಹುದು. ಬೆಳಗಾಗಲಿ ಎಂದು ಕಾಯಬೇಡಿ.

ಹೆರಿಗೆಯಾದ ಮೇಲೆ, ಮೂತ್ರದ ನಳಿಗೆ ತೆಗೆದು ಸಲೀಸಾಗಿ ಮೂತ್ರ ಹೋಗತೊಡಗಿದರೆ, ಹೊಲಿಗೆಯಿದ್ದರೂ ನೋವಾಗದಷ್ಟು ಮೆದುವಾಗಿ ಮತ್ತೆ ಶುರುಮಾಡಬಹುದು. ಸಿಸೇರಿಯನ್ ಆದವರಿಗೂ ಇದು ಬೇಕು, ಒಂಬತ್ತು ತಿಂಗಳು ಭಾರ ಹೊತ್ತದ್ದು ಅವರ ಸ್ನಾಯುವೂ ಹೌದು. ನಮ್ಮ ಟೀಚರು ಹತ್ತು ಸೆಕೆಂಡಿನವರೆಗೆ ಹೋಗಿದ್ದರೂ ಈಗ ಮತ್ತೆ ಎರಡರಿಂದ ಹಿಡಿಯಬೇಕಾದೀತು. ಮಗುವಿಗೆ ಮೂರು ತಿಂಗಳು ತುಂಬಿದರೂ ಹನಿ ಜಾರುವುದು ನಿಂತಿಲ್ಲವಾದರೆ, ಅಥವಾ ಕೆಳಗೆ ಏನೋ ಗಡ್ಡೆ ಜಾರಿದಂತೆ ಅನಿಸಿದರೆ, ಪರೀಕ್ಷಿಸಿ ನೋಡಬಲ್ಲ ಫಿಸಿಯೋಥೆರಪಿಸ್ಟರ ಬಳಿಗೋ ಸ್ತ್ರೀರೋಗ ತಜ್ಞರ ಬಳಿಗೋ ಹೋಗಬೇಕು.