ಫಿನಾಯಿಲ್‌ಗೆ ಬಗ್ಗದ ವಾಸನೆ

ಧಾರವಾಡದ ಒಂದು ಹಾಸ್ಟೆಲಿನಲ್ಲಿರುವ ನನ್ನ ಅಕ್ಕನ ಮಗಳು ವಾರ್ಡನ್‌ಗೆ ಮೊದಲು ಕಳಿಸಿದ ಇಮೇಲ್ ಎರಡೇ ಸಾಲಿನದು: ಬಚ್ಚಲು ನಾರುತ್ತಿದೆ, ಗೋಡೆಗೆ ಬೂಷ್ಟು ಹಿಡಿದಿದೆ, ದಯವಿಟ್ಟು ಸರಿಪಡಿಸಿ. ಮರುದಿನವೇ ಕೆಲಸದವರು ಬಂದು ಫಿನಾಯಿಲ್ ಸುರಿದು ಹೋದರು. ಮೂರನೆಯ ದಿನಕ್ಕೆ ಹಳೆಯ ವಾಸನೆ ತಿರುಗಿ ಬಂತು. ವಾರ್ಡನ್ ಅಸಡ್ಡೆ ಮಾಡಲಿಲ್ಲ. ವಾಸನೆ ಎಲ್ಲಿಂದ ಬರುತ್ತಿದೆ ಎಂಬ ಸುಳಿವೇ ಆ ಪತ್ರದಲ್ಲಿರಲಿಲ್ಲ.

ಬಚ್ಚಲಿನ ನೀರು ಹೋಗುವ ಜಾಲರಿಯ ಕೆಳಗೆ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಎನ್ನುವ ಭಾಗವಿರುತ್ತದೆ. ಅದರಲ್ಲಿ ಸುಮಾರು ಎರಡು ಇಂಚು ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿ ಮೇಲೆ ಬಾರದಂತೆ ತಡೆಯುವುದು ಆ ನೀರೇ. ಬಳಸದ ಬಚ್ಚಲಿನಲ್ಲಿ ಅದು ಆರಿಹೋಗುತ್ತದೆ. ಕೂದಲು ಸಿಕ್ಕಿ ನೀರು ನಿಂತಾಗ ಕೆಲವರು ಒಳಗಿನ ಬಟ್ಟಲನ್ನೇ ಕಿತ್ತಿಡುತ್ತಾರೆ. ಆಗ ನೀರು ಸರಾಗ ಹೋಗುತ್ತದೆ, ಗಾಳಿಯೂ ಅಷ್ಟೇ ಸರಾಗವಾಗಿ ಮೇಲೇಳುತ್ತದೆ.

ಇದನ್ನು ತಿಳಿದ ಮೇಲೆ ಹುಡುಗಿ ವಾರವಿಡೀ ಗಮನಿಸಿ ಎರಡನೆಯ ಇಮೇಲ್ ಬರೆದಳು:

“ಮೇಡಂ, ನಮಸ್ಕಾರ. ಮೊದಲ ಮಹಡಿಯ ನಾಲ್ಕನೆಯ ಬಚ್ಚಲಿನ ನಲ್ಲಿ ಕೆಟ್ಟಿರುವುದರಿಂದ ಯಾರೂ ಅಲ್ಲಿ ಸ್ನಾನ ಮಾಡುತ್ತಿಲ್ಲ. ಸೋಮವಾರ ಜಾಲರಿಗೆ ಒಂದು ಬಕೆಟ್ ನೀರು ಸುರಿದೆವು, ವಾಸನೆ ನಿಂತಿತು. ಭಾನುವಾರ ಮತ್ತೆ ಶುರುವಾಯಿತು. ಎರಡನೆಯದರಲ್ಲಿ ನೀರು ಸುರಿದರೂ ನಿಲ್ಲಲಿಲ್ಲ. ಜಾಲರಿ ಎತ್ತಿ ನೋಡಿದರೆ ಒಳಗಿನ ಬಟ್ಟಲು ಇಲ್ಲ. ಬೂಷ್ಟು ಇರುವುದು ಎರಡು ಕಡೆ. ಚಾವಣಿಯ ಮೂಲೆಯದು ಬೆಳಗಿನ ಸ್ನಾನದ ಹಬೆಯಿಂದ ಇರಬಹುದು. ಎಕ್ಸಾಸ್ಟ್ ಫ್ಯಾನಿಗೆ ಕಾಗದ ಹಿಡಿದರೆ ಅದು ಅಂಟಿಕೊಳ್ಳುವುದೇ ಇಲ್ಲ. ನಲ್ಲಿಯ ಹಿಂದಿನ ಗೋಡೆಯದು ಬೇರೆ: ಯಾರೂ ಸ್ನಾನ ಮಾಡದ ರಜಾದಿನದಲ್ಲೂ ಅಲ್ಲಿ ತೇವವಿತ್ತು, ಬಣ್ಣ ಉಬ್ಬಿದೆ. ಪೈಪ್ ಸೋರುತ್ತಿದೆಯೇ ಎಂದು ಪ್ಲಂಬರ್ ನೋಡಲಿ. ಫೋಟೋ ಲಗತ್ತಿಸಿದ್ದೇನೆ.”

ಈ ಪತ್ರ ಓದಿದ ಪ್ಲಂಬರ್ ಹೊಸ ಬಟ್ಟಲು ಮತ್ತು ನಲ್ಲಿ ಹಿಡಿದೇ ಬಂದ. ನಲ್ಲಿ ಸರಿಯಾದ ಮೇಲೆ ನಾಲ್ಕನೆಯ ಬಚ್ಚಲಿಗೆ ಬೇರೇನೂ ಬೇಕಾಗಲಿಲ್ಲ. ಗೋಡೆಯೊಳಗಿನ ಪೈಪಿನ ಜೋಡಣೆ ಸೋರುತ್ತಿತ್ತು. ಅದಕ್ಕೆ ಗೋಡೆ ಒಡೆಯಬೇಕಾಯಿತು, ವಾರಗಳೇ ಹಿಡಿದವು. ಗೋಡೆ ಪೂರ್ತಿ ಒಣಗುವ ಮೊದಲೇ ಬಣ್ಣ ಬಳಿದಿದ್ದರೆ ಬೂಷ್ಟು ಬಣ್ಣವನ್ನು ದಾಟಿ ಮತ್ತೆ ಹೊರಬರುತ್ತಿತ್ತು. ವಾರ್ಡನ್ ಕಾದಿದ್ದು ಒಳ್ಳೆಯದಾಯಿತು.

ಆ ಇಮೇಲಿನ ಕೊನೆಯಲ್ಲಿ ಇನ್ನೊಂದು ಕೋರಿಕೆಯಿತ್ತು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ. ಬೂಷ್ಟು ತೊಳೆಯುವ ಅಕ್ಕನಿಗೆ ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಎರಡನ್ನೂ ಒಟ್ಟಿಗೆ ಕೊಡಬೇಡಿ ಎಂದು ಅವಳು ಬರೆದಿದ್ದಳು. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ನೀವೂ ನಿಮ್ಮ ಹಾಸ್ಟೆಲಿಗೆ ಪತ್ರ ಬರೆಯುವುದಾದರೆ ಈ ಸಾಲನ್ನು ದಯವಿಟ್ಟು ಸೇರಿಸಿ.