ಲಾಭ ಬಂದರೂ ಕೈಯಲ್ಲಿ ಹಣ ಕಡಿಮೆ

ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಬಿಟ್‌ಕಾಯಿನ್ ವ್ಯಾಪಾರಕ್ಕೆಂದು ಒಂದು ಲಕ್ಷ ರೂಪಾಯಿ ತೆಗೆದಿಟ್ಟಿದ್ದಾನೆ ಎಂದಿಟ್ಟುಕೊಳ್ಳಿ. ಎರಡು ತಿಂಗಳಲ್ಲಿ ಇಪ್ಪತ್ತು ಸಲ ಕೊಂಡು ಇಪ್ಪತ್ತು ಸಲ ಮಾರುತ್ತಾನೆ. ಪ್ರತಿ ಸಲವೂ ಖರೀದಿ ಸರಿಯಾಗಿ ಒಂದು ಲಕ್ಷಕ್ಕೆ. ಕಡಿಮೆ ಬಿದ್ದರೆ ಉಳಿತಾಯ ಖಾತೆಯಿಂದ ತುಂಬಿಸಿಕೊಳ್ಳುತ್ತಾನೆ. ಹನ್ನೆರಡು ಸಲ 1,02,000 ರೂಪಾಯಿಗೆ ಮಾರಿ ಗೆಲ್ಲುತ್ತಾನೆ. ಎಂಟು ಸಲ 98,500ಕ್ಕೆ ಮಾರಿ ಸೋಲುತ್ತಾನೆ. ಗೆದ್ದದ್ದು 24,000, ಸೋತದ್ದು 12,000. ಎಕ್ಸ್‌ಚೇಂಜ್‌ನ ಶುಲ್ಕವನ್ನು ಸದ್ಯಕ್ಕೆ ಬದಿಗಿಟ್ಟರೆ 12,000 ರೂಪಾಯಿ ಉಳಿಯಬೇಕು.

ಆದರೆ ಖಾತೆ ತೆರೆದು ನೋಡಿದರೆ, ಹಾಕಿದ ಹಣಕ್ಕಿಂತ 8,120 ರೂಪಾಯಿ ಕಡಿಮೆಯೇ ಇದೆ. ಪ್ರತಿ ಮಾರಾಟದ ಹೊತ್ತಿಗೂ ಎಕ್ಸ್‌ಚೇಂಜ್ ಶೇ 1ರಷ್ಟು ಟಿಡಿಎಸ್ ಹಿಡಿದುಕೊಂಡಿದೆ. ಇಪ್ಪತ್ತು ಮಾರಾಟಗಳಿಂದ ಹೀಗೆ ಹೋದದ್ದು 20,120 ರೂಪಾಯಿ.

ಈ ಕಡಿತ ಜಾರಿಗೆ ಬಂದದ್ದು 2022ರ ಜುಲೈ 1ರಂದು, ಆದಾಯ ತೆರಿಗೆ ಕಾಯ್ದೆಯ 194ಎಸ್ ಕಲಮಿನಡಿ. ಅದಕ್ಕೆ ಮೂರು ತಿಂಗಳು ಮೊದಲೇ, ಏಪ್ರಿಲ್ 1ರಿಂದ, ಕ್ರಿಪ್ಟೊ ಲಾಭದ ಮೇಲೆ ಶೇ 30ರ ತೆರಿಗೆ ಶುರುವಾಗಿತ್ತು. ಶೇ 4ರ ಸೆಸ್ ಸೇರಿದರೆ ಅದು ಶೇ 31.2. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾದರೂ ಶೇ 1ರ ಕಡಿತ ಹಾಗೇ ಉಳಿದಿದೆ.

ಇವೆರಡನ್ನೂ ಬೆರೆಸಿ ನೋಡುವುದರಿಂದಲೇ ಹೆಚ್ಚಿನ ಗೊಂದಲ. ಶೇ 30 ಲಾಭದ ಮೇಲಿನ ತೆರಿಗೆ. ಲಾಭವಿಲ್ಲದಿದ್ದರೆ ಅದೂ ಇಲ್ಲ. ಟಿಡಿಎಸ್ ಹಾಗಲ್ಲ. ಅದು ಲಾಭ ನಷ್ಟ ಕೇಳುವುದಿಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ ಬೀಳುತ್ತದೆ. ಆದರೆ ಅದು ಪ್ರತ್ಯೇಕ ತೆರಿಗೆಯೂ ಅಲ್ಲ. ವರ್ಷದ ಕೊನೆಗೆ ಕಟ್ಟಬೇಕಾದ ತೆರಿಗೆಯಲ್ಲಿ ಅದು ವಜಾ ಆಗುತ್ತದೆ, ಹೆಚ್ಚಾಗಿದ್ದರೆ ರಿಫಂಡ್ ಬರುತ್ತದೆ.

ನಮ್ಮ ಉದ್ಯೋಗಿಯ ಲೆಕ್ಕಕ್ಕೆ ಬರೋಣ. ಅವನು ತೆರಿಗೆ ಕಟ್ಟಬೇಕಾದದ್ದು ನಿವ್ವಳ 12,000ದ ಮೇಲಲ್ಲ, ಗೆದ್ದ 24,000ದ ಮೇಲೆ. ಒಂದು ಕ್ರಿಪ್ಟೊ ವ್ಯವಹಾರದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬಿಡುವುದಿಲ್ಲ. ಕೊಂಡ ಬೆಲೆಯೊಂದನ್ನು ಬಿಟ್ಟರೆ ಬೇರೆ ಖರ್ಚಿಗೂ ವಿನಾಯಿತಿ ಇಲ್ಲ. ಹಾಗಾಗಿ ತೆರಿಗೆ 7,488 ರೂಪಾಯಿ. ಟಿಡಿಎಸ್ ಆಗಿ ಹೋದ 20,120ರಲ್ಲಿ ಇದನ್ನು ಕಳೆದರೆ 12,632 ರೂಪಾಯಿ ಅವನಿಗೆ ಮರಳಬೇಕಾದ ಹಣ. ಅದು ಬಂದ ಮೇಲೆ ಇಷ್ಟೆಲ್ಲ ಓಡಾಟಕ್ಕೆ ಅವನ ಕೈಯಲ್ಲಿ ಉಳಿಯುವುದು 4,512 ರೂಪಾಯಿ. ಅಲ್ಲಿಯವರೆಗೆ ಗೆದ್ದವನೂ ಸಾಲಗಾರನಂತೆ ಜೇಬಿನಿಂದ ಹಾಕುತ್ತಲೇ ಇರಬೇಕು.

ಇದರಿಂದ ನೆನಪಿಡಬೇಕಾದ ಒಂದು ಗೆರೆ ಸಿಗುತ್ತದೆ: ಮಾರಿದ ಮೊತ್ತದ ಶೇ 3.2. ಲಾಭ ಇಷ್ಟಿದ್ದಾಗ ಅದರ ಮೇಲಿನ ತೆರಿಗೆಯೂ ಹಿಡಿದ ಟಿಡಿಎಸ್ಸೂ ಹೆಚ್ಚೂಕಡಿಮೆ ಸಮ. ಲಾಭ ಇದಕ್ಕಿಂತ ದೊಡ್ಡದಾದರೆ ಟಿಡಿಎಸ್ ಎನ್ನುವುದು ಹೇಗೂ ಕಟ್ಟಬೇಕಿದ್ದ ತೆರಿಗೆಯ ಮುಂಗಡ ಮಾತ್ರ, ಅದರಿಂದ ಯೋಜನೆಗೆ ದೊಡ್ಡ ತೊಂದರೆಯಿಲ್ಲ. ಲಾಭ ಇದಕ್ಕಿಂತ ಸಣ್ಣದಾದರೆ ಪ್ರತಿ ಮಾರಾಟದಲ್ಲೂ ತೆರಿಗೆಗಿಂತ ಹೆಚ್ಚು ಹಣ ಸಿಕ್ಕಿಕೊಳ್ಳುತ್ತದೆ. ಶೇ 1 ಅಥವಾ 2 ಸಿಕ್ಕ ಕೂಡಲೇ ಹೊರಬರುವವರೆಲ್ಲ ಈ ಗೆರೆಯ ಕೆಳಗಿನವರು.

ಕೈಯಿಂದ ತುಂಬಿಸದೆ ಇದ್ದ ಬಂಡವಾಳದಲ್ಲೇ ಆಡುವವರ ಪಾಡು ಇನ್ನೂ ಕಷ್ಟ. ಬೆಲೆ ಏರದೆ ಇಳಿಯದೆ ನಿಂತಿದೆ ಎಂದುಕೊಂಡರೂ, ಒಂದು ಲಕ್ಷ ರೂಪಾಯಿ ಹತ್ತು ಸಲ ಮಾರಿ ಕೊಂಡ ಮೇಲೆ ಸುಮಾರು 90,400ಕ್ಕೆ ಇಳಿಯುತ್ತದೆ. ಅರುವತ್ತೊಂಬತ್ತನೆಯ ಸಲಕ್ಕೆ ಅರ್ಧವಾಗುತ್ತದೆ. ಆ ಹಣ ಕಳೆದುಹೋಗಿಲ್ಲ, ಸರ್ಕಾರದ ಬಳಿ ಅವರ ಹೆಸರಿನಲ್ಲೇ ಇದೆ. ಆದರೆ ವ್ಯಾಪಾರಕ್ಕೆ ಸಿಗುವುದಿಲ್ಲ. ಮುಂದಿನ ಅವಕಾಶ ಬಂದಾಗ ಅರ್ಧ ಬಂಡವಾಳಕ್ಕೆ ಅರ್ಧ ಲಾಭವಷ್ಟೇ.

ಹಾಗಾದರೆ ಒಂದೇ ಏಟಿಗೆ ಎಲ್ಲವನ್ನೂ ಮಾರಿಬಿಡುವುದು ಮೇಲೇ? ಇಲ್ಲಿ ಅನೇಕರು ತಪ್ಪು ತಿಳಿಯುತ್ತಾರೆ. ಒಂದು ಲಕ್ಷದ ಬಿಟ್‌ಕಾಯಿನ್ ಅನ್ನು ಒಮ್ಮೆಗೇ ಮಾರಿದರೂ ಸಾವಿರ ರೂಪಾಯಿ ಕಡಿತ, ನಾಲ್ಕು ಕಂತಿನಲ್ಲಿ ಮಾರಿದರೂ ಒಟ್ಟು ಅಷ್ಟೇ. ಬೆಲೆ ಏರುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಹೊರಬರುವುದಕ್ಕೆ ಟಿಡಿಎಸ್ ಅಡ್ಡಿಯಲ್ಲ. ದುಬಾರಿಯಾಗುವುದು ಮಾರಿದ ಹಣದಲ್ಲೇ ಮತ್ತೆ ಕೊಂಡು ಮತ್ತೆ ಮಾರಿದಾಗ. ಯೋಜಿಸುವವರು ಎಣಿಸಬೇಕಾದದ್ದು ಮಾರಾಟದ ಆರ್ಡರ್‌ಗಳನ್ನಲ್ಲ, ಅದೇ ಹಣ ಎಷ್ಟು ಸುತ್ತು ಸುತ್ತಿತು ಎಂಬುದನ್ನು.

ಸುತ್ತು ಹೆಚ್ಚುವ ಇನ್ನೊಂದು ದಾರಿ ಹಲವರ ಕಣ್ಣಿಗೆ ಬೀಳುವುದೇ ಇಲ್ಲ. ರೂಪಾಯಿಯಿಂದ ಯುಎಸ್‌ಡಿಟಿ ಕೊಂಡು, ಅದರಿಂದ ಈಥರ್ ಕೊಂಡು, ಈಥರ್ ಮಾರಿ ಯುಎಸ್‌ಡಿಟಿಗೆ ಮರಳಿ, ಕೊನೆಗೆ ರೂಪಾಯಿ ಮಾಡಿಕೊಳ್ಳುವವರಿದ್ದಾರೆ. ಕಾನೂನಿನ ಕಣ್ಣಿಗೆ ಯುಎಸ್‌ಡಿಟಿಯೂ ಕ್ರಿಪ್ಟೊ ಆಸ್ತಿಯೇ, ಅದನ್ನು ಕೊಟ್ಟು ಈಥರ್ ಪಡೆಯುವುದೂ ಮಾರಾಟವೇ. ಹೀಗಾಗಿ ಒಂದೇ ಸುತ್ತಿಗೆ ಮೂರು ಕಡಿತ. ಬೆಲೆ ಅಲ್ಲಾಡದಿದ್ದರೂ ಲಕ್ಷಕ್ಕೆ ಸುಮಾರು 97,030 ಕೈಗೆ ಬರುತ್ತದೆ. ಅದೇ ಈಥರ್ ಅನ್ನು ನೇರವಾಗಿ ರೂಪಾಯಿಗೆ ಕೊಂಡು ರೂಪಾಯಿಗೆ ಮಾರಿದ್ದರೆ ಕಡಿತ ಒಂದೇ.

ಸಿಕ್ಕಿಕೊಂಡ ಹಣವನ್ನು ಬೇಗ ಬಿಡಿಸಿಕೊಳ್ಳಲು ಸಂಬಳದಾರರಿಗೆ ಒಂದು ದಾರಿ ಇದೆ. 2024ರ ಅಕ್ಟೋಬರ್‌ನಿಂದ ಉದ್ಯೋಗಿಗಳು ಬೇರೆ ಕಡೆ ತಮ್ಮಿಂದ ಹಿಡಿದ ಟಿಡಿಎಸ್ ವಿವರವನ್ನು ತಮ್ಮ ಕಂಪನಿಗೆ ಕೊಡಬಹುದು. ಆಗ ಅದಕ್ಕೆಂದು ಬಂದದ್ದು 12ಬಿಎಎ ನಮೂನೆ. ಅದನ್ನು ನೋಡಿಕೊಂಡು ಕಂಪನಿ ಮುಂದಿನ ತಿಂಗಳುಗಳ ಸಂಬಳದಲ್ಲಿ ಅಷ್ಟು ಕಡಿಮೆ ತೆರಿಗೆ ಹಿಡಿಯುತ್ತದೆ. ನಮ್ಮ ಉದ್ಯೋಗಿ ತನ್ನ ಕ್ರಿಪ್ಟೊ ಲಾಭವನ್ನೂ ಕಡಿತವನ್ನೂ ಜೊತೆಗೇ ತಿಳಿಸಿದ್ದರೆ ಆ 12,632 ರೂಪಾಯಿಗೆ ರಿಫಂಡ್ ಕಾಯುವ ಅಗತ್ಯವಿರುತ್ತಿರಲಿಲ್ಲ. ಸಂಬಳವಿಲ್ಲದ ವಿದ್ಯಾರ್ಥಿಗೆ ಈ ದಾರಿ ಮುಚ್ಚಿದೆ. ಅವನಿಗೆ ರಿಟರ್ನ್ ಸಲ್ಲಿಸಿ ಕಾಯುವುದೊಂದೇ ಉಳಿದದ್ದು.

ಯಾವ ದಾರಿ ಹಿಡಿದರೂ ಕಡಿತದ ಹಣ ತಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿ, ಎಕ್ಸ್‌ಚೇಂಜ್ ಕೊಟ್ಟ ಲೆಕ್ಕದ ಜೊತೆ ತಾಳೆ ಹಾಕಬೇಕು. ರಿಟರ್ನ್ ತುಂಬುವಾಗ ಸಾಮಾನ್ಯವಾಗಿ ಆಗುವ ತಪ್ಪು ಇನ್ನೊಂದು: ಖಾತೆಗೆ ಬಂದ 1,00,980 ರೂಪಾಯಿಯನ್ನೇ ಮಾರಿದ ಬೆಲೆ ಎಂದು ಬರೆಯುವುದು. ಮಾರಿದ ಬೆಲೆ 1,02,000. ಕಡಿತವಾದ 1,020 ಖರ್ಚಲ್ಲ, ಕಟ್ಟಿದ ತೆರಿಗೆ. ಎರಡೂ ಕಡೆ ಕಳೆದು ತೋರಿಸಿದರೆ ಇಲಾಖೆಯ ದಾಖಲೆಗೂ ರಿಟರ್ನ್‌ಗೂ ಹೊಂದುವುದಿಲ್ಲ, ನೋಟಿಸ್ ಬರಲು ಅಷ್ಟು ಸಾಕು.

ಇನ್ನು ದಿನಾಂಕದ ಮಾತು. ರಿಫಂಡ್ ಬರುವಂಥ ಸಣ್ಣ ಲಾಭದ ಮಾರಾಟ ಮಾರ್ಚ್ ಕೊನೆಯ ವಾರದಲ್ಲಾದರೆ ಅದರ ಟಿಡಿಎಸ್ ಜುಲೈ 31ರೊಳಗೆ ಸಲ್ಲಿಸುವ ರಿಟರ್ನ್‌ನಲ್ಲೇ ಲೆಕ್ಕಕ್ಕೆ ಸಿಗುತ್ತದೆ. ಅದೇ ಮಾರಾಟ ಏಪ್ರಿಲ್ ಮೊದಲ ವಾರಕ್ಕೆ ಜಾರಿದರೆ ಮುಂದಿನ ವರ್ಷದ ರಿಟರ್ನ್‌ವರೆಗೆ, ಅಂದರೆ ಒಂದು ವರ್ಷಕ್ಕೂ ಹೆಚ್ಚು ಕಾಲ, ಆ ಹಣ ಅಲ್ಲೇ ಕೂತಿರುತ್ತದೆ.