ಅಂತರಗಂಗೆ ಕಿತ್ತವರಿಗೆ ಧನ್ಯವಾದ

ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಮ್ಮೂರ ಕೆರೆಯ ಅಂತರಗಂಗೆ ಕಿತ್ತ ಎಲ್ಲರಿಗೂ ಮನಸಾರೆ ಧನ್ಯವಾದ. ನೇರಳೆ ಹೂವಿನ ಆ ಕಳೆ ನೀರಿಗೆ ಚಾಪೆ ಹಾಸಿದಂತೆ ಹಬ್ಬಿತ್ತು. ಕೆಳಗೆ ಬಿಸಿಲಿಲ್ಲ, ಮೇಲೆ ಗಾಳಿ ಸೋಕುವುದಿಲ್ಲ. ನೀರಿನಲ್ಲಿ ಆಮ್ಲಜನಕ ಕುಗ್ಗಿ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಈಗ ನೀರು ಬಯಲಾಗಿದೆ, ಗಾಳಿಗೆ ಅಲೆ ಏಳುತ್ತಿದೆ, ಏರಿ ಮೇಲೆ ಮೂಗು ಮುಚ್ಚದೆ ನಡೆಯಬಹುದು.

ಕಿತ್ತದ್ದನ್ನು ದಡದಲ್ಲೇ ಬಿಡದೆ ಹೊತ್ತೊಯ್ದಿರಲ್ಲ, ನನ್ನ ಪ್ರಕಾರ ಅದೇ ದೊಡ್ಡ ಕೆಲಸ. ಈ ಗಿಡದಲ್ಲಿ ಶೇ 90ಕ್ಕೂ ಹೆಚ್ಚು ನೀರೇ ಇರುವುದರಿಂದ ಹಸಿ ರಾಶಿ ವಿಪರೀತ ಭಾರ. ಏರಿಯಾಚೆ ಹರಡಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಸಾಗಿಸಿದಿರಿ. ದಡದಲ್ಲೇ ಕೊಳೆತಿದ್ದರೆ ಅದು ಹೀರಿದ್ದ ಸಾರಜನಕ, ರಂಜಕವೆಲ್ಲ ಮತ್ತೆ ಕೆರೆಗೇ ಇಳಿಯುತ್ತಿತ್ತು.

ಆದರೆ ಒಳಚರಂಡಿ ನೀರು ಇನ್ನೂ ರಾಜಕಾಲುವೆಯಿಂದ ಬಂದು ಸೇರುತ್ತಿದೆ. ಕಳೆಗೆ ಅದೇ ಊಟ. ಬೀಜಗಳು ಹೂಳಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ; ಅನುಕೂಲ ಸಿಕ್ಕರೆ ಗಿಡಗಳು ಎರಡು ವಾರದಲ್ಲೇ ಇಮ್ಮಡಿಯಾಗುತ್ತವೆ. ಹಾಗಾಗಿ ಕಾಲುವೆ ಬಂದು ಸೇರುವ ಮೂಲೆಯನ್ನು ವಾರಕ್ಕೊಮ್ಮೆ ನೋಡಿ. ಉಬ್ಬಿದ ತೊಟ್ಟಿನ ಪುಟ್ಟ ಗಿಡ ಕಂಡರೆ ಬೇರುಸಹಿತ ಎತ್ತಿಬಿಡಿ. ಆಗ ಒಂದು ಬುಟ್ಟಿ ಸಾಕಾಗುತ್ತದೆ.